ನಲವತ್ತು ಜನರ ಅಡಿಟಿಪ್ಪಣಿ

ಮೂವತ್ತೆಂಟನೆಯ ವಯಸ್ಸಿನಲ್ಲಿ ಎಂ.ಎ. ಓದಲು ಹೊರಟವಳನ್ನು ಜನ ಎರಡೇ ಬಗೆಯಲ್ಲಿ ನೋಡುತ್ತಾರೆ. ಒಂದೋ ಅಯ್ಯೋ ಪಾಪ ಎಂದು, ಇಲ್ಲವೇ ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು. ನನಗೆ ಬೇರೆ ಕೆಲಸ ಬೇಕಾದಷ್ಟಿತ್ತು. ಹಗಲು ಶಾಲೆಯಲ್ಲಿ ಏಳನೇ ತರಗತಿಗೆ ಪಾಠ, ವಾರಕ್ಕೆ ಮೂರು ಸಂಜೆ ವಿಶ್ವವಿದ್ಯಾಲಯದಲ್ಲಿ ನನಗೇ ಪಾಠ, ಮನೆಯಲ್ಲಿ ಎಡಗೈ ಎಡಗಾಲು ಬಿದ್ದುಹೋದ ಅಪ್ಪ. ನಾನಿಲ್ಲದ ಹೊತ್ತು ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು ಎದುರುಮನೆಯ ಅತ್ತೆ. ನೆಂಟಸ್ತಿಕೆಯೇನಿಲ್ಲ, ಬುದ್ಧಿ ಬಂದಾಗಿನಿಂದ ಹಾಗೆ ಕರೆದು ರೂಢಿ, ಅಷ್ಟೆ. ನಮ್ಮ ಮನೆಯ ಇನ್ನೊಂದು ಬೀಗದಕೈ ಅವಳ ಸೆರಗಿನ ತುದಿಯಲ್ಲೇ ಇರುತ್ತಿತ್ತು.

ಆ ವರ್ಷ ನಮಗೊಂದು ವಿಷಯವಿತ್ತು: ಇತಿಹಾಸ ಬರೆಯುವ ವಿಧಾನಗಳು. ಅದಕ್ಕೆ ಪರೀಕ್ಷೆಯಿಲ್ಲ, ಮೂರು ಸಾವಿರ ಪದಗಳ ಒಂದು ಸಾಹಿತ್ಯ ಸಮೀಕ್ಷೆ ಬರೆದುಕೊಡಬೇಕು. ಒಂದೇ ಘಟನೆಯ ಬಗ್ಗೆ ಬೇರೆ ಬೇರೆ ಇತಿಹಾಸಕಾರರು ಏನೇನು ಹೇಳಿದ್ದಾರೆ, ಎಲ್ಲಿ ಜಗಳವಾಡಿದ್ದಾರೆ, ಯಾವ ಆಧಾರದ ಮೇಲೆ ಎಂದು ತೂಗಿ ನೋಡುವ ಬರಹ ಅದು. ಪಾಠ ಮಾಡುತ್ತಿದ್ದವರನ್ನು ನಾವೆಲ್ಲ ಅಡಿಟಿಪ್ಪಣಿ ಮೇಷ್ಟ್ರು ಅನ್ನುತ್ತಿದ್ದೆವು. ಪುಸ್ತಕ ಕೈಗೆ ಕೊಟ್ಟರೆ ಅವರು ಮೊದಲು ಪುಟದ ಬುಡ ನೋಡುವವರು.

"ನೋಡಿ, ಮನುಷ್ಯ ಹೇಗೆ ಸತ್ತ ಅಂತ ಕೇಳ್ಬೇಡಿ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. "ಹೇಗೆ ಸತ್ತ ಅಂತ ಯಾರ್ಯಾರು ಏನೇನಂದ್ರು, ಯಾಕಂದ್ರು, ಅದನ್ನ ಕೇಳಿ. ಹೆಣದ ಹತ್ರ ಹೋಗೋದು ಮುಂದಿನ ವರ್ಷ."

ನಾನು ಆರಿಸಿಕೊಂಡದ್ದು ನಮ್ಮೂರ ಬಟ್ಟೆ ಗಿರಣಿಯ ಮುಷ್ಕರ. ಮೂವತ್ತನಾಲ್ಕು ವರ್ಷದ ಹಿಂದಿನದು. ಎಪ್ಪತ್ತು ದಿನ ಒಬ್ಬನೇ ಒಬ್ಬನೂ ಒಳಗೆ ಕಾಲಿಡದೆ ನಡೆದ ಮುಷ್ಕರ ಎಪ್ಪತ್ತೊಂದನೆಯ ದಿನ ಮುರಿದುಬಿತ್ತು. ಆವತ್ತು ಬೆಳಿಗ್ಗೆ ಗಿರಣಿಯ ಚಿಮಣಿಯಲ್ಲಿ ಹೊಗೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ದೊಡ್ಡ ಗೇಟಿನ ಮುಂದಿನ ಚರಂಡಿಯಲ್ಲಿ ಕೆಂಪು ನೀರು ಹರಿದು ಬಂತು. ಬಣ್ಣದ ನೀರು ಬಂತೆಂದರೆ ಬಟ್ಟೆಗೆ ಬಣ್ಣ ಹಾಕುವ ವಿಭಾಗ, ಬಣ್ಣದ ಖಾತೆ, ನಡೆಯುತ್ತಿದೆ ಎಂದು ಗೇಟಿನಲ್ಲಿ ಕೂತವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಣ್ಣದ ಖಾತೆಯವರು ಹಿಂದಿನ ಗೇಟಿನಿಂದ ಒಳಗೆ ಹೋಗಿದ್ದಾರೆ ಎಂದು ಸುದ್ದಿಯಾಯಿತು. ಮಾರನೆಯ ದಿನ ನೂಲಿನವರು ಹೋದರು, ಅದರ ಮಾರನೆಯ ದಿನ ಮಗ್ಗದವರು. ಎರಡು ವರ್ಷಕ್ಕೆ ಗಿರಣಿಯೇ ಮುಚ್ಚಿತು, ಆದರೆ ಮುಚ್ಚಿದ ಗಿರಣಿಗಿಂತ ಆ ಕೆಂಪು ನೀರನ್ನೇ ಜನ ಹೆಚ್ಚು ನೆನಪಿಟ್ಟುಕೊಂಡರು.

ನನ್ನ ಅಪ್ಪ ಬಣ್ಣದ ಖಾತೆಯವನು. ಎದುರುಮನೆ ಅತ್ತೆಯ ಗಂಡ, ನಾನು ಮಾವ ಎಂದು ಕರೆಯುತ್ತಿದ್ದವರು, ಅವರೂ ಅದೇ ಖಾತೆ. ನಮ್ಮ ಎರಡೂ ಮನೆಗಳಿಗೆ 'ಹಿಂದಿನ ಗೇಟಿನವರು' ಎಂದು ಹೆಸರು. ಶಾಲೆಯಲ್ಲಿ ಹುಡುಗಿಯರು ನನ್ನನ್ನು ತರಗತಿಯ ಹಿಂದಿನ ಬಾಗಿಲಿನಿಂದ ಬಾ ಅನ್ನುತ್ತಿದ್ದರು. ಅಪ್ಪ ಆ ವಿಷಯ ಬಂದರೆ ಎದ್ದು ಹೋಗುತ್ತಿದ್ದ. ಮಾವ ಹಾಗಲ್ಲ, ಸಿಕ್ಕಿದವರ ಮುಂದೆಲ್ಲ ಆಣೆ ಇಡುತ್ತಿದ್ದರು: "ನಾನು ಹೋಗಿಲ್ಲ ಕಣ್ರೀ. ಬೇರೆಯವ್ರ ವಿಷ್ಯ ಗೊತ್ತಿಲ್ಲ, ನಾನಂತೂ ಹೋಗಿಲ್ಲ." ಆ ಖಾತೆಯ ಎಲ್ಲರೂ ಇದೇ ಮಾತು ಹೇಳುತ್ತಿದ್ದರಂತೆ. ಹಾಗಾಗಿ ಯಾರ ಮಾತಿಗೂ ಮೂರು ಕಾಸಿನ ಬೆಲೆಯಿರಲಿಲ್ಲ. ಅವರವರಲ್ಲೇ ಅನುಮಾನ ಬೆಳೆದು, ನಮ್ಮ ಎರಡು ಮನೆ ಬಿಟ್ಟರೆ ಉಳಿದವರು ಒಬ್ಬರ ಮನೆಗೆ ಒಬ್ಬರು ಹೋಗುವುದನ್ನೂ ನಿಲ್ಲಿಸಿದ್ದರು.

ಮಾವ ಮೂರು ವರ್ಷದ ಹಿಂದೆ ತೀರಿಕೊಂಡರು. ಹೆಗಲು ಕೊಡಲು ಓಣಿಯಿಂದ ಆರೇ ಜನ ಬಂದಿದ್ದರು. ಅಪ್ಪನಿಗೆ ಲಕ್ವ ಹೊಡೆದದ್ದು ಅದೇ ವರ್ಷ. ಅಪ್ಪ ಕಣ್ಣು ಮುಚ್ಚುವುದರೊಳಗೆ ಆ ಹೆಸರನ್ನು ಅಳಿಸಬೇಕು ಎಂಬುದು ನನ್ನ ಹಟ. ಎಂ.ಎ. ಸೇರಿದ್ದೇ ಅದಕ್ಕೆ ಎಂದರೆ ಸುಳ್ಳಾಗುತ್ತದೆ, ಆದರೆ ವಿಷಯ ಆರಿಸಿಕೊಂಡದ್ದು ಅದಕ್ಕೇ.

ಈ ಮುಷ್ಕರದ ಮೇಲೆ ಮೂರು ಮುಖ್ಯ ಪುಸ್ತಕಗಳಿವೆ. ಬರೆದವರಿಗೆ ನಾನು ನನ್ನ ಅನುಕೂಲಕ್ಕೆ ಹೆಸರಿಟ್ಟುಕೊಂಡೆ. ಮೊದಲನೆಯವರು ಬಾವುಟದವರು. ಕಾರ್ಮಿಕ ಸಂಘದ ಜೊತೆ ಓಡಾಡಿ ಬರೆದವರು, ಅವರ ಪ್ರಕಾರ ಮುಷ್ಕರವನ್ನು ಕೊಂದದ್ದು ಒಳಗಿನ ದ್ರೋಹ. ಎರಡನೆಯವರು ಕೋಷ್ಟಕದವರು. ಅವರ ಪುಸ್ತಕದಲ್ಲಿ ಮನುಷ್ಯರಿಗಿಂತ ಅಂಕಿಗಳೇ ಜಾಸ್ತಿ. ಮಾರುಕಟ್ಟೆ ಆಗಲೇ ಬಿದ್ದಿತ್ತು, ಮಾಲೀಕರಿಗೇ ಗಿರಣಿ ಬೇಡವಾಗಿತ್ತು, ದ್ರೋಹ ನಡೆಯದಿದ್ದರೂ ಮುಷ್ಕರ ಸೋಲುತ್ತಿತ್ತು ಎಂಬುದು ಅವರ ವಾದ. ಮೂರನೆಯವರು ಒಲೆಯವರು. ಗಂಡಸರು ಗೇಟಿನಲ್ಲಿ ಕೂತಾಗ ಮನೆಯಲ್ಲಿ ಒಲೆ ಹೇಗೆ ಉರಿಯಿತು ಎಂದು ಕೇಳಿದ ಮೊದಲ ಹೆಂಗಸು. ಮುಷ್ಕರ ಮುರಿದದ್ದು ಅಡುಗೆಮನೆಯಲ್ಲಿ, ಹಸಿದ ಮಕ್ಕಳ ತಾಯಂದಿರು ಗಂಡಂದಿರನ್ನು ಒಳಗೆ ಕಳಿಸಿದರು ಎಂದು ಅವರು ಬರೆದಿದ್ದಾರೆ.

ನಾನು ಉತ್ಸಾಹದಿಂದ ಮೊದಲ ಕರಡು ಬರೆದೆ. ಬಾವುಟದವರಿಗೆ ಎರಡು ಪುಟ, ಕೋಷ್ಟಕದವರಿಗೆ ಎರಡು, ಒಲೆಯವರಿಗೆ ಎರಡು, ಕೊನೆಗೆ ಎಲ್ಲರೂ ಒಳ್ಳೆಯವರು ಎಂದು ಒಂದು ಪ್ಯಾರಾ. ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಮ್ಮ ಇದು, ಪುಸ್ತಕದಂಗಡಿ ಕ್ಯಾಟಲಾಗಾ?"

"ಸಾರ್, ಮೂವರ ವಾದಾನೂ ಬರ್ದಿದೀನಲ್ಲ."

"ಬರ್ದಿದೀಯ. ಮೂವರನ್ನೂ ಮೂರು ಕೋಣೇಲಿ ಕೂರಿಸಿ ಊಟ ಹಾಕಿದೀಯ. ಒಂದೇ ಕೋಣೇಲಿ ಕೂರಿಸಿ ಜಗಳ ಹಚ್ಚು. ಪುಸ್ತಕದ ಪ್ರಕಾರ ಬರೀಬೇಡ, ಪ್ರಶ್ನೆ ಪ್ರಕಾರ ಬರಿ. ಯಾಕೆ ಸೋತ್ರು ಅನ್ನೋದಕ್ಕೆ ಇವ್ರೇನಂತಾರೆ, ಅವ್ರೇನಂತಾರೆ. ಯಾವ ಆಕರ ಇಟ್ಕೊಂಡು ಅಂತಾರೆ. ಯಾವ ಕಾಲದಲ್ಲಿ ಕೂತು ಅಂತಾರೆ."

ಏಳನೇ ತರಗತಿಯ ಮಕ್ಕಳಿಗೆ ನಾನು ಹೇಳುವ ಮಾತನ್ನೇ ಅವರು ನನಗೆ ಹೇಳಿದ್ದರು. ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು ಹಿಂಬದಿಯಲ್ಲಿ ಗೆರೆ ಎಳೆದೆ. ಮೇಲೆ ಮೂವರ ಹೆಸರು, ಎಡಕ್ಕೆ ಪ್ರಶ್ನೆಗಳು. ಮಾಲೀಕರ ಉದ್ದೇಶವೇನು, ಸಂಘದ ತಪ್ಪೇನು, ಹೆಂಗಸರ ಪಾತ್ರವೇನು, ಸೋಲು ಯಾವಾಗ ಖಚಿತವಾಯಿತು. ಪ್ರತಿ ಸಾಲಿನಲ್ಲೂ ಮೂವರು ಮೂರು ದಿಕ್ಕು. ಒಂದೇ ಒಂದು ಸಾಲಿನಲ್ಲಿ ಮಾತ್ರ ಮೂರೂ ಮನೆಯಲ್ಲಿ ಒಂದೇ ಉತ್ತರ ಬಂತು: ಎಪ್ಪತ್ತೊಂದನೆಯ ದಿನ ಬಣ್ಣದ ಖಾತೆಯ ನಲವತ್ತು ಜನ ಹಿಂದಿನ ಗೇಟಿನಿಂದ ಒಳಗೆ ಹೋದರು.

ಹೆಸರು ಅಳಿಸಲು ಹೋದವಳು ಮೂವರು ವಿದ್ವಾಂಸರ ರುಜು ಹಾಕಿಸಿಕೊಂಡು ಬಂದಂತಾಯಿತು.

ಮೇಷ್ಟ್ರಿಗೆ ಅದನ್ನು ತೋರಿಸಿದಾಗ ಅವರ ಬೆರಳು ನೇರ ಆ ಸಾಲಿನ ಮೇಲೆಯೇ ಕೂತಿತು. "ಎಲ್ಲದಕ್ಕೂ ಕಚ್ಚಾಡೋ ಮೂವರು ಇಲ್ಲಿ ಮಾತ್ರ ಯಾಕೆ ಒಪ್ಕೊಂಡಿದಾರೆ? ಒಪ್ಪಿಗೆ ಇರೋ ಕಡೇನೇ ಅನುಮಾನ ಪಡಬೇಕು. ಬುಡಕ್ಕೆ ಹೋಗು."

ಬುಡಕ್ಕೆ ಹೋಗುವುದೆಂದರೆ ಅಡಿಟಿಪ್ಪಣಿಯ ಬೆನ್ನು ಹತ್ತುವುದು. ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ, ಫ್ಯಾನು ತಿರುಗಿದರೆ ಹಾಳೆ ಹಾರುತ್ತದೆ, ನಿಲ್ಲಿಸಿದರೆ ಬೆವರು ಹರಿಯುತ್ತದೆ ಅನ್ನುವಂಥ ಮೂಲೆಯಲ್ಲಿ ನಾಲ್ಕು ಶನಿವಾರ ಕೂತೆ. ಒಲೆಯವರು "ನಲವತ್ತಕ್ಕೂ ಹೆಚ್ಚು ಗಂಡಸರು" ಎಂದು ಬರೆದಿದ್ದರು. ಅವರ ಟಿಪ್ಪಣಿ ಕೋಷ್ಟಕದವರ ಪುಸ್ತಕದ ಒಂದು ಪುಟವನ್ನು ತೋರಿಸುತ್ತಿತ್ತು. ಆ ಪುಟ ತೆಗೆದರೆ ಅಲ್ಲಿದ್ದದ್ದು "ಕನಿಷ್ಠ ನಲವತ್ತು" ಎಂದು. ಅದಕ್ಕಿದ್ದ ಟಿಪ್ಪಣಿ ಬಾವುಟದವರ ಪುಸ್ತಕಕ್ಕೆ ಕಳಿಸಿತು. ಅಲ್ಲಿ "ಸುಮಾರು ನಲವತ್ತು." ಕೈ ಬದಲಾದ ಹಾಗೆಲ್ಲ ಅನುಮಾನ ಕರಗಿ ಸಂಖ್ಯೆ ಗಟ್ಟಿಯಾಗಿತ್ತು. ಬಾವುಟದವರ ಪುಟದ ಬುಡದಲ್ಲಿ ಒಂದೇ ಸಾಲು: ಸಂದರ್ಶನ, ಬಣ್ಣದ ಖಾತೆಯ ಕಾರ್ಮಿಕ, ಹೆಸರು ಬೇಡವೆಂದಿದ್ದಾರೆ. ಮುಷ್ಕರ ಮುಗಿದ ಮರುವರ್ಷದ ತಾರೀಕು.

ಅಂದರೆ ಮೂವರಲ್ಲ, ಒಬ್ಬ. ಯಾವನೋ ಒಬ್ಬ ಹೇಳಿದ ಮಾತಿಗೆ ಮೂರು ಪುಸ್ತಕ ತಲೆಯಾಡಿಸಿದ್ದವು.

ಇನ್ನೊಂದು ಸಿಕ್ಕಿದ್ದು ಅದೇ ಸಂಜೆ, ಹೊರಡುವ ಹೊತ್ತಿಗೆ. ಗ್ರಂಥಪಾಲಕಿ ಬಂದು, "ಮೇಡಂ, ಇನ್ನು ದೀಪ ಆರಿಸ್ತೀನಿ, ಆ ಇತಿಹಾಸದಲ್ಲಿ ಆಗಬೇಕಾಗಿದ್ದೆಲ್ಲ ಆಗಿಹೋಗಿದೆ, ಸೋಮವಾರ ಬನ್ನಿ," ಎಂದು ನಗುತ್ತ ನಿಂತಿದ್ದಳು. ನಾನು ಕೋಷ್ಟಕದವರ ಪುಸ್ತಕ ಮುಚ್ಚುವಾಗ ಕೊನೆಯ ಅನುಬಂಧ ತೆರೆದುಕೊಂಡಿತು. ಯಾರೂ ಓದದ, ಸಣ್ಣ ಅಕ್ಷರದ ಪಟ್ಟಿ. ಮುಷ್ಕರದ ಹಿಂದಿನ ತಿಂಗಳು ಖಾತೆವಾರು ಹಾಜರಿ. ನೂಲು ಇಷ್ಟು, ಮಗ್ಗ ಇಷ್ಟು, ಬಣ್ಣ ಇಪ್ಪತ್ತಾರು.

ಇಪ್ಪತ್ತಾರು ಜನರಿದ್ದ ಖಾತೆಯಿಂದ ನಲವತ್ತು ಜನ ಹೋಗುವುದು ಹೇಗೆ? ಮುನ್ನೂರನೆಯ ಪುಟದಲ್ಲಿ ಇಪ್ಪತ್ತಾರು ಎಂದು ಅಚ್ಚು ಹಾಕಿಸಿದ ಮನುಷ್ಯ ನೂರನೆಯ ಪುಟದಲ್ಲಿ ಕನಿಷ್ಠ ನಲವತ್ತು ಎಂದಿದ್ದ. ಅವನಿಗೆ ಆ ಪಟ್ಟಿ ಬೇಕಿದ್ದದ್ದು ಒಟ್ಟು ಉತ್ಪಾದನೆಯ ಲೆಕ್ಕಕ್ಕೆ, ಗೇಟಿನ ಲೆಕ್ಕಕ್ಕಲ್ಲ. ಮೂವತ್ತು ವರ್ಷದಲ್ಲಿ ಒಬ್ಬರೂ ಎರಡು ಪುಟವನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ನಾನು ಗ್ರಂಥಪಾಲಕಿಯನ್ನು ತಬ್ಬಿಕೊಳ್ಳುವುದೊಂದು ಬಾಕಿ. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ನಡೆದೆ.

ಮನೆಗೆ ಬಂದಾಗ ಅತ್ತೆ ಅಪ್ಪನ ದಿಂಬು ಸರಿಮಾಡಿ ಹೊರಡುತ್ತಿದ್ದಳು. "ಏನೇ, ಮುಖ ಇಷ್ಟಗಲ ಆಗಿದೆ?" ಅಂದಳು. ನಾಳೆ ಹೇಳ್ತೀನಿ ಅತ್ತೆ ಎಂದೆ. ಮೊದಲು ಅಪ್ಪನಿಗೇ ಹೇಳಬೇಕೆಂಬ ಆಸೆ. ಅವಳು ಹೋದ ಮೇಲೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಸುಮಾರು ನಲವತ್ತು, ಕನಿಷ್ಠ ನಲವತ್ತು, ನಲವತ್ತಕ್ಕೂ ಹೆಚ್ಚು. ಆಮೇಲೆ ಇಪ್ಪತ್ತಾರು.

"ಯಾವನೋ ಹೇಡಿ ಸುಳ್ಳು ಹೇಳಿದಾನಪ್ಪ. ಹೆಸ್ರು ಕೂಡ ಕೊಟ್ಟಿಲ್ಲ. ಅವನೊಬ್ಬನ ಮಾತಿಗೆ ನಿಮ್ಮನ್ನೆಲ್ಲ ಸುಟ್ಟರು."

ಅಪ್ಪ ಬಲಗೈಯಿಂದ ಮಂಚದ ಕೆಳಗೆ ತೋರಿಸಿದ. ಲಕ್ವ ಹೊಡೆದ ಮೇಲೆ ಅವನ ಮಾತು ನಿಧಾನ, ಆದರೆ ತಪ್ಪುತ್ತಿರಲಿಲ್ಲ.

"ಪೆಟ್ಟಿಗೆ ತೆಗಿ," ಅಂದ. "ಬಣ್ಣದ ಪುಸ್ತಕ."

ಆ ಪುಸ್ತಕ ನನಗೆ ಗೊತ್ತಿದ್ದದ್ದೇ. ಚಿಕ್ಕವಳಿದ್ದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಬಣ್ಣ ಎಣಿಸುತ್ತಿದ್ದೆ. ಪ್ರತಿ ಹಾಳೆಯಲ್ಲೂ ಉಗುರಗಲದ ಬಟ್ಟೆಯ ತುಂಡು ಅಂಟಿಸಿ, ಪಕ್ಕದಲ್ಲಿ ಯಾವ ಬಣ್ಣ ಎಷ್ಟು, ಉಪ್ಪು ಎಷ್ಟು, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಅಪ್ಪನ ದುಂಡು ಅಕ್ಷರ. ಹನ್ನೊಂದು ವರ್ಷ ಗಿರಣಿಯಲ್ಲಿ ಕೂಡಿಸಿದ ವಿದ್ಯೆ ಅದು.

"ಕೊನೇ ಹಾಳೆ."

ಕೊನೆಯ ಹಾಳೆಯಲ್ಲಿ ಒಂದು ಕೆಂಪು ತುಂಡು. ಕೆಳಗಿದ್ದ ತಾರೀಕನ್ನು ಎಷ್ಟೋ ಸಲ ನೋಡಿದ್ದೆ, ಓದಿರಲಿಲ್ಲ. ಈಗ ನನಗೆ ಮುಷ್ಕರದ ದಿನಗಳೆಲ್ಲ ಬಾಯಿಪಾಠ. ಅದು ಎಪ್ಪತ್ತೊಂದನೆಯ ದಿನ.

"ಪುಸ್ತಕ ಒಳಗೇ ಉಳಿದಿತ್ತು," ಅಪ್ಪ ಹೇಳಿದ. "ಹೊಸಬ್ರನ್ನ ತಂದು ಅವ್ರ ಕೈಗೆ ಕೊಡ್ತೀನಿ ಅಂತ ಮ್ಯಾನೇಜರ್ ಹೇಳಿ ಕಳಿಸ್ದ. ತರೋಕೆ ಹೋದೆ. ಕೊಡ್ತೀನಿ, ಒಂದೇ ಒಂದು ತೊಟ್ಟಿ ಬಣ್ಣ ಹಾಕು ಅಂದ. ಬಾಯ್ಲರಿಗೆ ಅವನೇ ಜನ ಇಟ್ಟಿದ್ದ. ನೀರು ಎಲ್ಲಿ ಹೋಗತ್ತೆ ಅಂತ ಅವನಿಗೆ ಗೊತ್ತಿತ್ತು. ನಂಗೆ ಆಗ ಹೊಳೀಲಿಲ್ಲ."

"ಎಷ್ಟು ಜನ ಅಪ್ಪ?"

"ನಾನೊಬ್ನೇ."

ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ. "ಸಂದರ್ಶನ?"

"ಆ ಬುಕ್ ಬರ್ದೋನು ಟೇಪು ಹಿಡ್ಕೊಂಡು ಬಂದ. ಎಷ್ಟು ಜನ ಹೋಗಿದ್ರಿ ಅಂದ. ಒಬ್ನೇ ಅಂದ್ರೆ ಅದು ನಾನೇ ಅಂತ ಆಗ್ತಿತ್ತು. ಒಂದು ನಲವತ್ತು ಇರ್ಬೋದು ಅಂದೆ." ಅಪ್ಪ ನನ್ನ ಕಡೆ ತಿರುಗಲಿಲ್ಲ. "ನಲವತ್ತು ಜನದಲ್ಲಿ ಒಬ್ಬ ಕಾಣ್ಸಲ್ಲ."

ಆ ಕ್ಷಣ ನನಗೆ ಅಪ್ಪನ ಮೇಲೆ ಬಂದ ಅಸಹ್ಯವನ್ನು ಮುಚ್ಚಿಡುವುದಿಲ್ಲ. ಹೇಡಿ ಎಂದು ಬೈದ ಬಾಯಿ ಅವನನ್ನೇ ಬೈದಿತ್ತು, ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೂ ಬರಲಿಲ್ಲ. ಇಪ್ಪತ್ತೈದು ಮನೆಗಳು. ಮಾವ ಆಣೆ ಇಡುವಾಗ ಅಪ್ಪ ಎದ್ದು ಹೋಗುತ್ತಿದ್ದದ್ದು ನಾಚಿಕೆಗೆ ಎಂದುಕೊಂಡಿದ್ದೆ. ನಾಚಿಕೆಯೇ ಇರಬಹುದು. ಆದರೂ ಅವನು ಎದ್ದು ಹೋದ, ಅಷ್ಟೆ.

ಮಾರನೆಯ ದಿನ ಏನೋ ಹೇಳ್ತೀನಂದಿದ್ದೆಯಲ್ಲ ಎಂದು ಅತ್ತೆ ಕೇಳಿದಳು. ಬರೆದು ಮುಗಿಸಿ ಹೇಳ್ತೀನಿ ಎಂದು ಜಾರಿಕೊಂಡೆ. ಆ ವಾರವೆಲ್ಲ ಅವಳ ಮುಖ ನೋಡುವುದೇ ಕಷ್ಟವಾಯಿತು. ಅವಳು ಅಪ್ಪನಿಗೆ ತಲೆ ಬಾಚುವಳು, ಬೆನ್ನಿಗೆ ಪೌಡರ್ ಹಾಕುವಳು, "ಮೇಷ್ಟ್ರಮ್ಮ ಬಂದ್ರು, ಇನ್ನು ನಿಮ್ಮ ಪಾಡು," ಎಂದು ತಮಾಷೆ ಮಾಡಿ ಹೊರಡುವಳು.

ಮೇಷ್ಟ್ರ ಕೋಣೆಗೆ ಹೋಗಿ ಸುತ್ತಿಬಳಸಿ ಕೇಳಿದೆ: "ಸಾರ್, ಆ ಸಂದರ್ಶನ ಕೊಟ್ಟವರು ಯಾರು ಅಂತ ನಂಗೆ ಗೊತ್ತಾದ್ರೆ? ಅವರೇ ಅದು ಸುಳ್ಳು ಅಂತ ಹೇಳಿದ್ರೆ?"

ಅವರು ಪೆನ್ನು ಕೆಳಗಿಟ್ಟರು. ಊಹಿಸಿದರೋ ಏನೋ, ಕೇಳಲಿಲ್ಲ. "ಹಾಗಿದ್ರೆ ಅದು ಹೊಸ ಆಕರ. ದೊಡ್ಡ ವಿಷಯ. ಆದ್ರೆ ಈ ಬರಹಕ್ಕೆ ಬೇಡ. ಇಲ್ಲಿ ನೀನು ತೂಗ್ತಾ ಇರೋದು ಅಚ್ಚಾಗಿರೋ ವಾದಗಳನ್ನ. ಅವರ ಆಧಾರ ಎಷ್ಟು ಗಟ್ಟಿ, ಎಷ್ಟು ತೆಳು, ಅಲ್ಲಿಗೆ ನಿಲ್ಲು. ಮುಂದಿನ ವರ್ಷ ಪ್ರಬಂಧಕ್ಕೆ ತಗೋ. ಅವರ ಒಪ್ಪಿಗೆ ಬರೆಸ್ಕೋ, ದಾಖಲು ಮಾಡ್ಕೋ."

ಮುಂದಿನ ವರ್ಷ ಅಪ್ಪ ಇರುತ್ತಾನೋ ಇಲ್ಲವೋ. ಆದರೂ ನಿಜ ಹೇಳುತ್ತೇನೆ, ಮೆಟ್ಟಿಲಿಳಿಯುವಾಗ ನನಗೆ ಹಗುರವಾಯಿತು. ನಿಯಮವೇ ನನ್ನ ಬಾಯಿಗೆ ಬೀಗ ಹಾಕಿದರೆ ನನ್ನದೇನು ತಪ್ಪು?

ಎರಡು ವಾರ ಕೂತು ಸಮೀಕ್ಷೆ ಬರೆದೆ. ಇದು ಪ್ರಶ್ನೆಗಳ ಪ್ರಕಾರವೇ ನಡೆಯಿತು, ಮೂವರೂ ಒಂದೇ ಕೋಣೆಯಲ್ಲಿ ಕೂತು ಚೆನ್ನಾಗಿ ಜಗಳವಾಡಿದರು. ನಲವತ್ತರ ವಿಷಯಕ್ಕೆ ಬಂದಾಗ ಒಂದು ಪ್ಯಾರಾ ಬರೆಯಲು ಮೂರು ದಿನ ಹಿಡಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ನಿಂತದ್ದು ಇದು: "ಮೂವರೂ ಒಪ್ಪುವ ಈ ಸಂಖ್ಯೆ ಮೂರು ಸ್ವತಂತ್ರ ಆಧಾರಗಳಿಂದ ಬಂದದ್ದಲ್ಲ, ಒಂದೇ ಅನಾಮಧೇಯ ಸಂದರ್ಶನದಿಂದ ಬಂದದ್ದು. ಎರಡನೆಯ ಲೇಖಕರ ಅನುಬಂಧದ ಪ್ರಕಾರ ಆ ಖಾತೆಯಲ್ಲಿದ್ದವರೇ ಇಪ್ಪತ್ತಾರು ಜನ. ಆದ್ದರಿಂದ ನಲವತ್ತು ಎಂಬುದನ್ನು ಸ್ವೀಕರಿಸಲಾಗದು. ನಿಜವಾಗಿ ಎಷ್ಟು ಜನ ಹೋದರೆಂಬುದು ಈಗಿರುವ ಪ್ರಕಟಿತ ಬರಹಗಳಿಂದ ತಿಳಿಯುವುದಿಲ್ಲ."

ಪ್ರತಿ ಅಕ್ಷರವೂ ಸತ್ಯ. ಅದನ್ನು ಓದಿದಷ್ಟೂ ನನಗೆ ನಾನೇ ಜಾಣೆ ಅನ್ನಿಸುತ್ತಿತ್ತು.

ಸಲ್ಲಿಸುವ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಅತ್ತೆ ಅಪ್ಪನನ್ನು ದಿಂಬಿಗೊರಗಿಸಿ ಕೂರಿಸಿ, ಬಟ್ಟಲಲ್ಲಿ ಹಾಲನ್ನ ಕಲಸಿ ಚಮಚದಲ್ಲಿ ತಿನ್ನಿಸುತ್ತಿದ್ದಳು. ನಾನು ಮೇಜಿನ ಮೇಲೆ ಹಾಳೆ ಜೋಡಿಸುತ್ತಿದ್ದೆ.

"ಅದೇನೇನೋ ತಿಂಗಳಿಂದ ಬರೀತಿದೀಯಲ್ಲ, ನಮ್ಮ ಗಿರಣಿ ವಿಷ್ಯನಂತೆ," ಅಂದಳು. "ಹಿಂದಿನ ಗೇಟಿಂದು ಬರ್ದಿದೀಯಾ?"

"ಹ್ಞೂಂ ಅತ್ತೆ."

"ಓದು, ಕೇಳ್ತೀನಿ. ಆವತ್ತು ತವರಿಂದ ನಮ್ಮಣ್ಣ ಮುಷ್ಕರದ ಪುಸ್ತಕ ತಂದು ಓದಿ ಹೇಳಿದ್ದ. ಬುಕ್ಕಲ್ಲೇ ಹಾಕಿದಾರೆ, ನಿನ್ ಗಂಡ ಇನ್ನೂ ಆಣೆ ಇಡ್ತಾನಲ್ಲ ಅಂತ."

ಅಪ್ಪನ ಬಾಯಲ್ಲಿ ಚಮಚವಿತ್ತು. ಅವನ ಕಣ್ಣು ನನ್ನ ಮೇಲೆ ನೆಟ್ಟಿತ್ತು. ನಾನು ಆ ಪ್ಯಾರಾ ಓದಿದೆ. ಗಟ್ಟಿಯಾಗಿ, ಶಾಲೆಯಲ್ಲಿ ಓದುವ ಹಾಗೆ. ಕೊನೆಯ ವಾಕ್ಯ ಮುಗಿದ ಮೇಲೆ ಅತ್ತೆ ಚಮಚವನ್ನು ಬಟ್ಟಲಲ್ಲಿಟ್ಟು ಯೋಚಿಸಿದಳು.

"ಅಂದ್ರೆ ನಲವತ್ತು ಸುಳ್ಳು."

"ಹೌದತ್ತೆ."

"ಇಪ್ಪತ್ತಾರೇ ಜನ ಇದ್ದಿದ್ದು."

"ಹ್ಞೂಂ."

"ಹಾಗಾದ್ರೆ ಹೆಚ್ಚಿಗೆ ಹಾಕಿರೋ ಹದಿನಾಲ್ಕು ಜನ ಬಚಾವಾದ್ರು." ಅವಳು ಮತ್ತೆ ಚಮಚ ತೆಗೆದುಕೊಂಡಳು. "ನಮ್ಮನೆಯವ್ರು ಇಪ್ಪತ್ತಾರರೊಳಗೇ ಉಳಿದ್ರು. ಇರ್ಲಿ ಬಿಡು. ನಾನೂ ಹಾಗೇ ಅಂದ್ಕೊಂಡಿದ್ದೆ. ಸುಳ್ಳು ಯಾಕೆ ಹೇಳ್ತೀರಿ, ಹೋಗಿದ್ರೆ ಹೋಗಿದೀನಿ ಅನ್ನಿ, ನಾನೇನು ಮನೆಯಿಂದ ಓಡಿಸ್ತೀನಾ ಅಂತ ಎಷ್ಟು ಸಲ ಕೇಳಿದೀನಿ. ಸಾಯೋ ದಿನ ಬೆಳಿಗ್ಗೆ ಕೂಡ ಅದೇ ಹೇಳಿದ್ರು, ನಾನು ಹೋಗಿಲ್ಲ ಕಣೇ ಅಂತ. ಸುಮ್ನೆ ಮಲಗಿ ಅಂದೆ."

ನಾನು ಜಾಣತನದಿಂದ ಕಟ್ಟಿದ ವಾಕ್ಯ ಅಷ್ಟು ಸಲೀಸಾಗಿ ಮಾವನನ್ನು ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡಿತ್ತು. ಬಾಯಿ ತೆರೆಯಬೇಕಾಗಿದ್ದವಳು ನಾನು. ತೆರೆಯಲಿಲ್ಲ. ಅವಳು ಬರುವುದು ನಿಲ್ಲಿಸಿದರೆ ಶಾಲೆಗೆ ಹೇಗೆ ಹೋಗಲಿ ಎಂದು ನನ್ನ ತಲೆ ಆಗಲೇ ಯೋಚಿಸುತ್ತಿತ್ತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಮಾತಾಡಿದ್ದು ಅಪ್ಪ.

"ಅವ್ನು ಬಂದಿರ್ಲಿಲ್ಲ."

"ಯಾರು?" ಅತ್ತೆ ಅವನ ಗಲ್ಲ ಒರೆಸುತ್ತ ಕೇಳಿದಳು.

"ನಿನ್ ಗಂಡ. ಯಾರೂ ಬಂದಿರ್ಲಿಲ್ಲ. ಹೋಗಿದ್ದು ನಾನೊಬ್ನೇ. ನಲವತ್ತು ಅಂದಿದ್ದೂ ನಾನೇ."

ಅತ್ತೆ ನನ್ನ ಕಡೆ ನೋಡಿದಳು, ಕಾಯಿಲೆಯವರು ಏನೇನೋ ಅನ್ನುತ್ತಾರಲ್ಲವೇ ಎಂಬ ಹಾಗೆ. ನಾನು ತಲೆ ತಗ್ಗಿಸಿದೆ. ಅದೇ ಅವಳಿಗೆ ಸಾಕ್ಷಿಯಾಯಿತು. ಪೆಟ್ಟಿಗೆಯಿಂದ ಬಣ್ಣದ ಪುಸ್ತಕ ತೆಗೆದು ಕೊನೆಯ ಹಾಳೆ ಅವಳ ಮುಂದಿಟ್ಟೆ. ಅವಳು ಕೆಂಪು ತುಂಡನ್ನು ಬೆರಳಿಂದ ಒಮ್ಮೆ ಮುಟ್ಟಿದಳು.

ಅವಳು ಕಿರುಚುತ್ತಾಳೆ, ಬಟ್ಟಲು ಎಸೆಯುತ್ತಾಳೆ ಎಂದುಕೊಂಡೆ. ಹಾಗೆ ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬಟ್ಟಲಿನಲ್ಲಿ ಉಳಿದಿದ್ದ ನಾಲ್ಕು ಚಮಚ ಅನ್ನವನ್ನೂ ಅಪ್ಪನಿಗೆ ತಿನ್ನಿಸಿದಳು. ನೀರು ಕುಡಿಸಿದಳು. ಬಟ್ಟಲು ತೊಳೆದು ಮಗುಚಿಟ್ಟಳು. ಆಮೇಲೆ ಬಂದು ನನ್ನ ಹಾಳೆಗಳ ಮೇಲೆ ಕೈ ಇಟ್ಟಳು.

"ಇದರಲ್ಲಿ ಬರಿ. ಅವ್ರ ಹೆಸ್ರು ಹಾಕಿ ಬರಿ. ಹೋಗಿರ್ಲಿಲ್ಲ ಅಂತ."

"ಇದರಲ್ಲಿ ಬರೆಯೋಕೆ ಬರಲ್ಲ ಅತ್ತೆ. ಇದು ಬೇರೆಯವ್ರು ಬರ್ದಿದ್ದನ್ನ ನೋಡಿ ಬರೆಯೋದು. ಅಚ್ಚಾಗಿಲ್ಲದ್ದನ್ನ... ಮುಂದಿನ ವರ್ಷ ನಾನು..."

"ಸುಳ್ಳು ಬರೆಯೋಕೆ ಬಂತಲ್ಲ ಎಲ್ಲರಿಗೂ."

ಅವಳು ಅಪ್ಪನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ದನಿಯಲ್ಲಿ.

"ಅಣ್ಣಾ, ಅವ್ರು ಇದ್ದಾಗ ಹೇಳ್ಬಾರ್ದಿತ್ತಾ? ಊರಿಗಲ್ಲ. ನಂಗೊಬ್ಬಳಿಗೆ. ಮೂವತ್ತು ವರ್ಷ ಒಂದೇ ಮಾತು ಹೇಳಿದ್ರು. ಒಂದು ಸಲಾನಾದ್ರೂ ನಾನು ನಂಬಿ ಹ್ಞೂಂ ಅಂತಿದ್ದೆನಲ್ಲ."

ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದು ಗಟ್ಟಿಯಾಗಿ ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಡಿಸಬೇಕಾಯಿತು. ಬೀಗದಕೈಯನ್ನು ನನ್ನ ಸಮೀಕ್ಷೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿ ತನ್ನ ಮನೆಗೆ ಹೋದಳು. ಕಿಟಕಿಯಿಂದ ನೋಡಿದೆ. ಅವಳು ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಮಾವನ ಫೋಟೋದ ಕೆಳಗೆ ನೆಲದ ಮೇಲೆ ಕೂತಳು. ತುಟಿ ಅಲುಗುತ್ತಿತ್ತು, ಏನು ಹೇಳಿದಳೋ ನನಗೆ ಕೇಳಿಸಲಿಲ್ಲ.

ಸೋಮವಾರ ಅವಳು ಬರಲಿಲ್ಲ. ಶಾಲೆಗೆ ರಜೆ ಹೇಳಿ, ಪಕ್ಕದ ಮನೆಯವರನ್ನು ಒಂದು ಗಂಟೆ ಅಪ್ಪನ ಹತ್ತಿರ ಕೂರಿಸಿ, ಸಮೀಕ್ಷೆಯನ್ನು ಹಾಗೇ ಸಲ್ಲಿಸಿ ಬಂದೆ. ಒಂದಕ್ಷರ ಬದಲಾಯಿಸಲಿಲ್ಲ, ನಿಯಮ ಅಷ್ಟಕ್ಕೇ ಬಿಡುತ್ತಿತ್ತು. ತಿಂಗಳ ಮೇಲೆ ಅಂಕ ಬಂದವು. ತರಗತಿಗೇ ಹೆಚ್ಚು. ಆ ಪ್ಯಾರಾದ ಪಕ್ಕ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: "ಬಹಳ ಎಚ್ಚರದ ಬರವಣಿಗೆ. ಎಲ್ಲಿಯೂ ಹೆಚ್ಚು ಹೇಳಿಲ್ಲ."

ಅದನ್ನು ಅಪ್ಪನಿಗೆ ಓದಿ ಹೇಳಲಿಲ್ಲ. ಅವನು ಎದುರುಮನೆಯ ಬಾಗಿಲು ಕಾಣುವ ಹಾಗೆ ಮಂಚ ತಿರುಗಿಸು ಎಂದಿದ್ದ, ತಿರುಗಿಸಿದ್ದೆ. ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದ: "ಇವತ್ತು ಬರ್ತಾಳಾ?" ನಾನು ನಾಳೆ ಬರಬಹುದು ಅನ್ನುತ್ತಿದ್ದೆ.